ಒಂದೇ ಮಳೆ, ಮೂರು ಸಲ ಲೆಕ್ಕ: ಡ್ಯಾಶ್‌ಬೋರ್ಡ್‌ನ ಅಂಕಿಗಳಿಗೆ ಒಂದು ಗಡುವು ಬೇಕು

ಈಗ ತೋಟದ ಲೆಕ್ಕವೆಲ್ಲ ಮೊಬೈಲ್‌ಗೆ ಬಂದಿದೆ. ಮಣ್ಣಿನ ತೇವಾಂಶ, ನಿನ್ನೆಯ ಮಳೆ, ನಾಳೆಯ ಮುನ್ಸೂಚನೆ, ಉಪಗ್ರಹದ ಹಸಿರು ಚಿತ್ರ, ಮಂಡಿ ದರ, ಎಲ್ಲವೂ ಒಂದೇ ಪುಟದಲ್ಲಿ ಚೌಕ ಚೌಕವಾಗಿ ಕಾಣುತ್ತವೆ. ಕೆಲವರು ಕಂಪನಿಯ ಆ್ಯಪ್ ಬಳಸುತ್ತಾರೆ, ಇನ್ನು ಕೆಲವರು ಗೂಗಲ್ ಶೀಟ್‌ನಲ್ಲಿ ತಾವೇ ಮಾಡಿಕೊಂಡಿದ್ದಾರೆ. ನನಗೆ ಎರಡರ ಮೇಲೂ ಒಂದೇ ತಕರಾರು. ಚೌಕಗಳು ಅಕ್ಕಪಕ್ಕ ಕೂತಿವೆ ಅಂದಮಾತ್ರಕ್ಕೆ ಅವು ಒಂದೇ ಹೊತ್ತಿನ ಸುದ್ದಿ ಹೇಳುತ್ತಿವೆ ಅಂತ ಅಲ್ಲ. ಒಂದು ಅಂಕಿ ಹತ್ತು ನಿಮಿಷದ ಹಿಂದಿನದು, ಇನ್ನೊಂದು ನಿನ್ನೆ ಬೆಳಿಗ್ಗೆಯದು, ಮತ್ತೊಂದು ಒಂಬತ್ತು ದಿನದ ಹಳೆಯದು. ಸುಮ್ಮನೆ ನೋಡಿ ಬಿಟ್ಟರೆ ತೊಂದರೆ ಇಲ್ಲ. ಅವನ್ನು ಕೂಡಿಸಿ ಕಳೆದು ‘ನೀರು ಕೊಡಿ’, ‘ಬೇಡ’ ಅಂತ ತೀರ್ಮಾನ ತೆಗೆದಾಗಲೇ ಎಡವಟ್ಟು ಶುರುವಾಗುವುದು.

ಕೋಲಾರದ ಕಡೆಯ ಒಂದು ಟೊಮೆಟೊ ತೋಟದ ಉದಾಹರಣೆ ಹೇಳುತ್ತೇನೆ. ಒಂದು ಎಕರೆ, ಕೆಂಪು ಮರಳು ಮಿಶ್ರಿತ ಗೋಡು ಮಣ್ಣು, ಡ್ರಿಪ್ ಇದೆ. ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಊರಲ್ಲಿ ಮೋಟರ್ ಹಾಕುವುದು ಅವರಪ್ಪ. ಪ್ರತಿ ಬುಧವಾರ ಬೆಳಿಗ್ಗೆ ಅವನು ತನ್ನ ಶೀಟ್ ನೋಡಿ ವಾರದ ನೀರಿನ ದಿನಗಳನ್ನು ಗುರುತು ಮಾಡಿ ಅಪ್ಪನಿಗೆ ಫೋನ್ ಮಾಡುತ್ತಾನೆ. ಶೀಟ್ ಚೆನ್ನಾಗಿಯೇ ಮಾಡಿದ್ದ. ಸೆನ್ಸರ್‌ನಿಂದ ಮಣ್ಣಿಗೆ ಎಷ್ಟು ಮಿ.ಮೀ. ನೀರು ಕಡಿಮೆ ಇದೆ ಅಂತ ಬರುತ್ತದೆ, ಅದಕ್ಕೆ ಬಿದ್ದ ಮಳೆ ಸೇರುತ್ತದೆ, ಬೀಳಲಿರುವ ಮಳೆ ಸೇರುತ್ತದೆ, ಬೆಳೆ ದಿನಕ್ಕೆ ಕುಡಿಯುವ ನೀರು ಕಳೆಯುತ್ತದೆ. ಆ ಹಂತದ ಬೆಳೆಗೆ ದಿನಕ್ಕೆ 4.5 ಮಿ.ಮೀ. ಅಂತ ಇಟ್ಟಿದ್ದ. ಅದೂ ಸರಿಯೇ.

ಹಿಂಗಾರಿನ ಒಂದು ವಾರ ಮಂಗಳವಾರ ರಾತ್ರಿ ಕಳೆದು ಬುಧವಾರ ಬೆಳಗಿನ ಜಾವ ಎರಡರಿಂದ ಮೂರು ಗಂಟೆಯೊಳಗೆ 12 ಮಿ.ಮೀ. ಮಳೆ ಬಂತು. ಒಳ್ಳೆಯ ಮಳೆ, ಬೇರಿನ ವಲಯ ತುಂಬಿತು. ಬುಧವಾರ ಒಂಬತ್ತು ಗಂಟೆಗೆ ಅವನ ಪುಟದಲ್ಲಿ ಇದ್ದದ್ದು ಇಷ್ಟು. ಸೆನ್ಸರ್ ಪ್ರಕಾರ ಕೊರತೆ ಸೊನ್ನೆ, ಇದು ಬೆಳಿಗ್ಗೆ ಆರು ಗಂಟೆಯ ಓದು. ಮಳೆಮಾಪಕದ ಚೌಕದಲ್ಲಿ 12 ಮಿ.ಮೀ., ಬುಧವಾರದ ತಾರೀಖು. ಮಂಗಳವಾರ ಬಂದಿದ್ದ ಬುಲೆಟಿನ್‌ನಲ್ಲಿ ಬುಧವಾರದ ಕಾಲಂನಲ್ಲಿ ಮತ್ತೆ 12 ಮಿ.ಮೀ.

ಶೀಟ್ ಕೂಡಿಸಿತು. ಸೊನ್ನೆ, ಹನ್ನೆರಡು, ಹನ್ನೆರಡು. ಒಟ್ಟು 24 ಮಿ.ಮೀ. ನೀರು ಉಳಿಕೆ! ದಿನಕ್ಕೆ 4.5ರಂತೆ ಐದು ದಿನಕ್ಕೆ ಸಾಕು. ಪುಟದ ಮೇಲ್ಗಡೆ ದಪ್ಪ ಹಸಿರು ಅಕ್ಷರದಲ್ಲಿ ‘ಮುಂದಿನ ನೀರು: ಸೋಮವಾರ’.

ಬಿದ್ದದ್ದು ಒಂದೇ ಮಳೆ. ಬೀಳುವ ಮೊದಲು ಅದು ಮುನ್ಸೂಚನೆಯಾಗಿ ಒಂದು ಸಲ ಬಂತು. ಬಿದ್ದ ಮೇಲೆ ಮಳೆಮಾಪಕದಲ್ಲಿ ಇನ್ನೊಂದು ಸಲ ಬಂತು. ಮಣ್ಣಿಗೆ ಇಳಿದ ಮೇಲೆ ಸೆನ್ಸರ್‌ನಲ್ಲಿ ಮೂರನೇ ಸಲ. ಸೆನ್ಸರ್ ‘ಕೊರತೆ ಸೊನ್ನೆ’ ಅಂದಾಗಲೇ ಆ ಮಳೆ ಲೆಕ್ಕಕ್ಕೆ ಸೇರಿಹೋಗಿತ್ತು. ಒಂದು ಎಕರೆಗೆ ಒಂದು ಮಿ.ಮೀ. ಅಂದರೆ ಸುಮಾರು 4,047 ಲೀಟರ್. ಅಂದರೆ ಭೂಮಿಯಲ್ಲಿ ಇಲ್ಲವೇ ಇಲ್ಲದ ಸುಮಾರು 97 ಸಾವಿರ ಲೀಟರ್ ನೀರು ಅವನ ಮೊಬೈಲ್‌ನಲ್ಲಿ ನಿಂತಿತ್ತು.

ಶನಿವಾರ ಮಧ್ಯಾಹ್ನ ಅಪ್ಪ ಫೋನ್ ಮಾಡಿ, “ಎಲೆ ಮುದುಡ್ತಾ ಇದೆ ಕಣೋ, ಮಣ್ಣು ಕೈಗೆ ಪುಡಿಪುಡಿ ಬರ್ತಿದೆ” ಅಂದರು. “ಇಲ್ಲಪ್ಪಾ, ಸೋಮವಾರದವರೆಗೂ ತೇವ ಇದೆ ಅಂತ ತೋರಿಸ್ತಿದೆ” ಅಂದ ಇವನು. ತಮಾಷೆ ಅಂದರೆ ಅದೇ ಪುಟದ ಕೆಳಗಿನ ಚೌಕದಲ್ಲಿ ಸೆನ್ಸರ್ ಅಂಕಿ ದಿನಾ ಇಳಿಯುತ್ತಲೇ ಇತ್ತು. ಆದರೆ ಕಣ್ಣು ಹೋಗುವುದು ದಪ್ಪ ಹಸಿರು ಅಕ್ಷರದ ಕಡೆಗೆ ತಾನೇ? ಆ ಮಣ್ಣಿನಲ್ಲಿ 40 ಸೆಂ.ಮೀ. ಆಳದವರೆಗೆ ಬೆಳೆಗೆ ಸಿಗುವ ನೀರು ಸುಮಾರು 45 ಮಿ.ಮೀ. ಇರಬಹುದು, ಟೊಮೆಟೊಗೆ ಅದರಲ್ಲಿ ಸುಮಾರು 40 ಭಾಗಕ್ಕಿಂತ ಹೆಚ್ಚು, ಅಂದರೆ 18 ಮಿ.ಮೀ. ದಾಟಿ ಖಾಲಿಯಾಗಲು ಬಿಡಬಾರದು. ಶನಿವಾರ ಸಂಜೆಗೇ ಅದು ಮುಗಿದಿತ್ತು. ಸೋಮವಾರ ಗಾಬರಿಯಾಗಿ ಇಡೀ ದಿನ ನೀರು ಬಿಟ್ಟರು. ಒಣಗಿದ ಗಿಡಕ್ಕೆ ಒಮ್ಮೆಲೇ ನೀರು ಸಿಕ್ಕರೆ ಹಣ್ಣಿನ ತಿರುಳು ಉಬ್ಬುತ್ತದೆ, ಸಿಪ್ಪೆ ಅಷ್ಟು ಬೇಗ ಹಿಗ್ಗುವುದಿಲ್ಲ. ಮುಂದಿನ ಕೊಯ್ಲಿನಲ್ಲಿ ತೊಟ್ಟಿನ ಸುತ್ತ ಸೀಳಿದ ಹಣ್ಣುಗಳೇ ಜಾಸ್ತಿ. ಸೀಳಿದ ಟೊಮೆಟೊ ಕ್ರೇಟಿಗೆ ಹಾಕಿ ದೂರದ ಮಾರ್ಕೆಟ್ಟಿಗೆ ಕಳಿಸುವ ಹಾಗಿಲ್ಲ, ನಿಮಗೇ ಗೊತ್ತು.

“ಅಕ್ಕಾ, ಸೆನ್ಸರ್ ಕೆಟ್ಟಿದೆ ಅನ್ಸುತ್ತೆ, ಬೇರೆ ತಗೊಳ್ಲಾ?” ಅಂತ ಅವನು ಶೀಟ್ ಕಳಿಸಿದ. ಸೆನ್ಸರ್ ಕೆಟ್ಟಿರಲಿಲ್ಲ. ಮಾಪಕವೂ ಸರಿಯಿತ್ತು, ಬುಲೆಟಿನ್ ಕೂಡ ಸುಳ್ಳು ಹೇಳಿರಲಿಲ್ಲ. ಮೂರೂ ನಿಜ. ಕೂಡಿಸಿದ ರೀತಿ ತಪ್ಪು.

ಇಲ್ಲಿ ಎರಡು ಜಾತಿಯ ಅಂಕಿಗಳಿವೆ, ಅದನ್ನು ಮೊದಲು ಬೇರೆ ಮಾಡಿಕೊಳ್ಳಬೇಕು. ಮಣ್ಣಿನ ತೇವಾಂಶ ಒಂದು ಮಟ್ಟ. ಬಾವಿಯಲ್ಲಿ ನೀರು ಎಲ್ಲಿದೆ ಅಂತ ನೋಡಿದ ಹಾಗೆ, ಅದು ಒಂದು ಕ್ಷಣದ ಸುದ್ದಿ. ಮಳೆ ಹಾಗಲ್ಲ, ಅದು ಮೊತ್ತ. ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಬಿದ್ದದ್ದು ಅಂತ ಅದಕ್ಕೆ ಆರಂಭ ಮತ್ತು ಅಂತ್ಯ ಎರಡೂ ಇರುತ್ತವೆ. ಮುನ್ಸೂಚನೆಯ ಮಳೆಗೂ ಅಷ್ಟೇ. ಮಟ್ಟಕ್ಕೆ ಮೊತ್ತ ಸೇರಿಸಬಹುದು, ಆದರೆ ಆ ಮೊತ್ತ ಮಟ್ಟ ಅಳೆದ ಕ್ಷಣದ ನಂತರದ್ದಾಗಿರಬೇಕು. ಆರು ಗಂಟೆಯ ತೇವಾಂಶಕ್ಕೆ ಎರಡು ಗಂಟೆಯ ಮಳೆ ಸೇರಿಸುವುದು ಅಂದರೆ ಬಿಂದಿಗೆ ತುಂಬಿದ ಮೇಲೆ ಅದೇ ನೀರನ್ನು ಮತ್ತೆ ಎಣಿಸಿದ ಹಾಗೆ.

ಇನ್ನು ತಾರೀಖಿನ ವಿಷಯ. ಇದು ತುಂಬ ಜನಕ್ಕೆ ಗೊತ್ತಿಲ್ಲ. ಭಾರತೀಯ ಹವಾಮಾನ ಇಲಾಖೆಯ ಮಳೆ ದಿನ ಮಧ್ಯರಾತ್ರಿಗೆ ಮುಗಿಯುವುದಿಲ್ಲ, ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. ಬುಧವಾರದ ಮಳೆ ಅಂತ ಬರೆದಿದ್ದರೆ ಅದು ಮಂಗಳವಾರ 8:30ರಿಂದ ಬುಧವಾರ 8:30ರವರೆಗೆ ಬಿದ್ದದ್ದು. ಮಂಗಳವಾರ ಮತ್ತು ಶುಕ್ರವಾರ ಬರುವ ಜಿಲ್ಲಾ ಕೃಷಿ ಹವಾಮಾನ ಬುಲೆಟಿನ್ ಇದೆಯಲ್ಲ, ಅದರ ಐದು ದಿನದ ಮುನ್ಸೂಚನೆಯ ತಲೆಬರಹ ಓದಿ. ಮುಂದಿನ ಐದು ದಿನಗಳ ಬೆಳಿಗ್ಗೆ 8:30ರವರೆಗೆ ಅಂತ ಇರುತ್ತದೆ. ಹಾಗಾದರೆ ಮಂಗಳವಾರದ ಬುಲೆಟಿನ್‌ನ ಬುಧವಾರದ ಕಾಲಂ ಬುಧವಾರ 8:30ಕ್ಕೇ ಮುಗಿದುಹೋಯಿತು. ಒಂಬತ್ತು ಗಂಟೆಗೆ ಅದನ್ನು ‘ಬೀಳಲಿರುವ ಮಳೆ’ ಅಂತ ಸೇರಿಸುವ ಹಾಗೇ ಇಲ್ಲ. ನಮ್ಮ ಹುಡುಗ ಅದನ್ನು ಬುಧವಾರ ಹಗಲಿನ ಮಳೆ ಅಂತ ಓದಿದ್ದ. ಕ್ಯಾಲೆಂಡರ್ ನೋಡಿ ಬೆಳೆದವರು ಯಾರಾದರೂ ಹಾಗೇ ಓದುತ್ತಾರೆ, ಅದರಲ್ಲಿ ಆಶ್ಚರ್ಯ ಇಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಡ್ಯಾಶ್‌ಬೋರ್ಡ್‌ಗೆ ‘ಈಗ’ ಅನ್ನುವ ಪದವೇ ಬೇಡ. ದಿನಕ್ಕೆ ಒಂದು ಗಡುವು ಇಡಿ, ಎಲ್ಲ ಅಂಕಿಗಳನ್ನೂ ಆ ಗಡುವಿಗೆ ತಂದು ನಿಲ್ಲಿಸಿ, ಆ ಒಂದು ಚಿತ್ರದ ಮೇಲೆ ತೀರ್ಮಾನ ತೆಗೆದುಕೊಳ್ಳಿ. ನೀರಿನ ಲೆಕ್ಕಕ್ಕೆ ಆ ಗಡುವು ಬೆಳಿಗ್ಗೆ 8:30 ಆಗಿರಲಿ. ಕಾರಣ ಸರಳ. ಸೆನ್ಸರ್ ಹದಿನೈದು ನಿಮಿಷಕ್ಕೊಮ್ಮೆ ಓದುತ್ತದೆ, ಅದನ್ನು ಯಾವ ಹೊತ್ತಿಗೆ ಬೇಕಾದರೂ ಕತ್ತರಿಸಬಹುದು. ದಿನದ ಮಳೆ ಮೊತ್ತವನ್ನು ನೀವು ಆರು ಗಂಟೆಗೆ ಕತ್ತರಿಸಲು ಆಗುವುದಿಲ್ಲ, ಅದು 8:30ಕ್ಕೆ ಕತ್ತರಿಸಿಯೇ ಬರುತ್ತದೆ. ಬಾಗುವವರು ಬಾಗದವರ ಹತ್ತಿರ ಹೋಗಬೇಕು.

ಗಡುವು 8:30 ಅಂದಮಾತ್ರಕ್ಕೆ 8:31ಕ್ಕೆ ಲೆಕ್ಕ ಹಾಕಬೇಡಿ. ಮಳೆ ಅಂಕಿ ಪ್ರಕಟವಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ತೋಟದ ಗೇಟ್‌ವೇಗೆ ನೆಟ್‌ವರ್ಕ್ ಸಿಗಬೇಕು. ಹತ್ತು ಗಂಟೆಗೆ ಹಾಕಿ, ಆದರೆ ಚಿತ್ರ 8:30ರದ್ದೇ ಇರಲಿ. ಇದಕ್ಕಾಗಿ ಪ್ರತಿ ಓದಿಗೂ ಎರಡು ಸಮಯ ಬರೆದಿಡಬೇಕಾಗುತ್ತದೆ. ಅಳೆದದ್ದು ಯಾವಾಗ, ನಮ್ಮ ಕೈಗೆ ಬಂದದ್ದು ಯಾವಾಗ. ಗೇಟ್‌ವೇಗಳು ನೆಟ್‌ವರ್ಕ್ ಇಲ್ಲದಾಗ ಓದುಗಳನ್ನು ಕೂಡಿಟ್ಟುಕೊಂಡು, ಸಿಗ್ನಲ್ ಬಂದಾಗ ಒಮ್ಮೆಲೇ ಕಳಿಸುತ್ತವೆ. ಬಂದ ಸಮಯ ಮಾತ್ರ ಬರೆದಿದ್ದರೆ ರಾತ್ರಿಯ ಇಪ್ಪತ್ತು ಓದುಗಳೂ ಬೆಳಿಗ್ಗೆ 8:10ರವು ಅಂತ ಕಾಣುತ್ತವೆ.

ಗೂಗಲ್ ಶೀಟ್‌ನಲ್ಲಿ ಸೆನ್ಸರ್‌ಗೆ ಮೂರು ಕಾಲಂ ಸಾಕು. A ಅಳೆದ ಸಮಯ, B ಅಂಕಿ, C ಬಂದ ಸಮಯ. F1ರಲ್ಲಿ ಇವತ್ತಿನ 8:30, G1ರಲ್ಲಿ ಇವತ್ತಿನ 10:00, ಎರಡೂ ತಾರೀಖಿನ ಸಮೇತ. ಆಮೇಲೆ ಇದು:

```
=INDEX(SORT(FILTER(A2:C, A2:A<>"", A2:A<=F1, C2:C<=G1), 1, FALSE), 1, 2)
```

ಹತ್ತು ಗಂಟೆಯೊಳಗೆ ಕೈಗೆ ಬಂದವುಗಳಲ್ಲಿ, 8:30ರ ಒಳಗೆ ಅಳೆದ ಕೊನೆಯ ಓದನ್ನು ಇದು ಎತ್ತಿಕೊಡುತ್ತದೆ. ಕೊನೆಯ 2ರ ಜಾಗದಲ್ಲಿ 1 ಹಾಕಿ ಪಕ್ಕದ ಮನೆಯಲ್ಲಿ ಬರೆದರೆ ಆ ಓದಿನ ಸಮಯ ಸಿಗುತ್ತದೆ. F1ರಿಂದ ಅದನ್ನು ಕಳೆದು 24ರಿಂದ ಗುಣಿಸಿದರೆ ಓದಿಗೆ ಎಷ್ಟು ಗಂಟೆ ವಯಸ್ಸಾಗಿದೆ ಅಂತ ಬರುತ್ತದೆ. ಆ ವಯಸ್ಸು ಅಂಕಿಯ ಪಕ್ಕದಲ್ಲೇ, ಅಂಕಿಯಷ್ಟೇ ದಪ್ಪ ಅಕ್ಷರದಲ್ಲಿ ಇರಲಿ. ಮಧ್ಯಾಹ್ನ ತಡವಾಗಿ ಇನ್ನೊಂದು ಓದು ಬಂದರೂ ಬೆಳಗಿನ ಚಿತ್ರ ಬದಲಾಗುವುದಿಲ್ಲ, ಅದೇ ಇದರ ಲಾಭ. ‘ಬುಧವಾರ ಯಾಕೆ ಹಾಗೆ ತೀರ್ಮಾನ ಮಾಡಿದೆವು’ ಅಂತ ಮುಂದಿನ ವಾರ ನೋಡಿದರೆ ಅವತ್ತು ಕಂಡ ಅಂಕಿಗಳೇ ಕಾಣುತ್ತವೆ.

ಈಗ ಅದೇ ಬುಧವಾರಕ್ಕೆ ಇದನ್ನು ಹಾಕಿ ನೋಡೋಣ. 8:30ರ ಸೆನ್ಸರ್ ಓದು, ಕೊರತೆ ಸೊನ್ನೆ. ಮಾಪಕದ 12 ಮಿ.ಮೀ. 8:30ಕ್ಕೇ ಮುಗಿದ ಮೊತ್ತ, ಸೆನ್ಸರ್ ಓದಿನ ನಂತರದ್ದು ಏನೂ ಅದರಲ್ಲಿ ಇಲ್ಲ, ಆದ್ದರಿಂದ ಸೇರಿಸುವುದಿಲ್ಲ. ಬುಲೆಟಿನ್‌ನಲ್ಲಿ ಬುಧವಾರದ ಕಾಲಂ ಮುಗಿದಿದೆ, ಗುರುವಾರದಿಂದ ಮುಂದಿನವು ಮಾತ್ರ ಲೆಕ್ಕಕ್ಕೆ. ಅವೆಲ್ಲ ಸೊನ್ನೆ ಇದ್ದವು. ಹಾಗಾದರೆ ದಿನಕ್ಕೆ 4.5ರಂತೆ ಶುಕ್ರವಾರ ಬೆಳಿಗ್ಗೆಗೆ 9 ಮಿ.ಮೀ. ಕೊರತೆ. ಅವನ ಡ್ರಿಪ್‌ನಲ್ಲಿ ಸಾಲಿನಿಂದ ಸಾಲಿಗೆ ಒಂದೂವರೆ ಮೀಟರ್, ಡ್ರಿಪ್ಪರ್‌ನಿಂದ ಡ್ರಿಪ್ಪರ್‌ಗೆ 40 ಸೆಂ.ಮೀ., ಗಂಟೆಗೆ 2 ಲೀಟರ್. ಗಂಟೆಗೆ ಸುಮಾರು 3.3 ಮಿ.ಮೀ. ಬೀಳುತ್ತದೆ. ಶುಕ್ರವಾರ ಸುಮಾರು ಎರಡು ಗಂಟೆ ಮುಕ್ಕಾಲು ಮೋಟರ್ ಹಾಕಿದರೆ ಮುಗಿಯಿತು, ಮತ್ತೆ ಭಾನುವಾರ ಅಷ್ಟೇ. ಐದು ದಿನ ಕಾಯಿಸಿ ಆಮೇಲೆ ಕೆರೆ ಮಾಡುವ ಮಾತೇ ಬರುತ್ತಿರಲಿಲ್ಲ.

ಇನ್ನೊಂದು ಕಾವಲನ್ನೂ ಶೀಟ್‌ನಲ್ಲಿ ಹಾಕಿಡಿ. ತುಂಬಿದ ಮಣ್ಣಿಗೆ ಮೇಲೆ ಎಷ್ಟು ನೀರು ಬಿದ್ದರೂ ಅದು ಇಳಿದೋ ಹರಿದೋ ಹೋಗುತ್ತದೆ, ಬೆಳೆಗೆ ಉಳಿಯುವುದಿಲ್ಲ. ಹಾಗಾಗಿ ಲೆಕ್ಕದಲ್ಲಿ ‘ಉಳಿಕೆ’ ಅಂತ ದೊಡ್ಡ ಅಂಕಿ ಬಂದರೆ, 24 ಮಿ.ಮೀ. ಬಂದ ಹಾಗೆ, ಎಲ್ಲೋ ಒಂದು ಮಳೆ ಎರಡು ಸಲ ಸೇರಿದೆ ಅಂತಲೇ ಅರ್ಥ. ಉಳಿಕೆ ಸೊನ್ನೆ ದಾಟಿದರೆ ಮನೆ ಕೆಂಪಾಗುವಂತೆ ಮಾಡಿ. ಈ ಒಂದು ಕೆಂಪು ಬಣ್ಣ ಇದ್ದಿದ್ದರೆ ಬುಧವಾರವೇ ಗೊತ್ತಾಗುತ್ತಿತ್ತು.

ಸೆನ್ಸರ್ ಸತ್ತರೆ ಏನು ಗತಿ ಅಂತ ಕೇಳುತ್ತೀರಿ. ಅದು ನಿಜವಾದ ಪ್ರಶ್ನೆ, ಮಳೆ ಬಂದ ರಾತ್ರಿಯೇ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವುದು. ಗಡುವಿನ ಹೊತ್ತಿಗೆ ಸಿಕ್ಕ ಕೊನೆಯ ಓದು ಹಿಂದಿನ ರಾತ್ರಿ 11:40ರದ್ದು ಅಂದುಕೊಳ್ಳಿ. ಆಗ ಆ ಮಟ್ಟವನ್ನು 11:40ರದ್ದು ಅಂತಲೇ ಇಟ್ಟುಕೊಂಡು, ಅಲ್ಲಿಂದ 8:30ರವರೆಗೆ ಬಿದ್ದ ಮಳೆ ಮಾತ್ರ ಸೇರಿಸಬೇಕು. ರಾತ್ರಿ ಬೆಳೆ ಕುಡಿಯುವುದು ತೀರಾ ಕಡಿಮೆ, ಅದನ್ನು ಬಿಟ್ಟರೂ ನಡೆಯುತ್ತದೆ. ಈ ಸಂದರ್ಭದಲ್ಲಿ ಮಾತ್ರ ಮಳೆಮಾಪಕ ಲೆಕ್ಕದ ಒಳಗೆ ಬರುತ್ತದೆ. ಆದರೆ ದಿನದ ಒಟ್ಟು ಮೊತ್ತದಿಂದ ಇದು ಆಗುವುದಿಲ್ಲ, ಮಳೆ 11:40ಕ್ಕೆ ಮೊದಲೋ ಆಮೇಲೋ ಅಂತ ಅದು ಹೇಳುವುದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಅಂಥ ಅಂಕಿ ಕೈಗೆ ಸಿಕ್ಕರೆ ಕತ್ತರಿಸಬಹುದು. ಆದರೂ ಅದು ಪಂಚಾಯಿತಿಯ ಮಳೆ, ನಿಮ್ಮ ಹೊಲದ್ದಲ್ಲ. ಆ ಓಣಿಯಲ್ಲಿ ಬಂದು ಈ ಓಣಿಯಲ್ಲಿ ಬಾರದ ಮಳೆ ನಮ್ಮ ಕಡೆ ಎಷ್ಟು ಸಲ ನೋಡಿಲ್ಲ! ತೋಟದಲ್ಲಿ ಒಂದು ಪ್ಲಾಸ್ಟಿಕ್ ಮಳೆಮಾಪಕ ನೆಟ್ಟು, ಅಪ್ಪ ಅಥವಾ ಅಮ್ಮ ದಿನಾ 8:30ಕ್ಕೆ ನೋಡಿ ವಾಟ್ಸಾಪ್‌ನಲ್ಲಿ ಅಂಕಿ ಹಾಕಿದರೆ ಅದು ಎಲ್ಲಕ್ಕಿಂತ ಒಳ್ಳೆಯ ಮೂಲ. ‘ಮಳೆ ಎಷ್ಟೊತ್ತಿಗೆ ಬಂತು’ ಅನ್ನುವುದನ್ನೂ ಅವರೇ ಹೇಳುತ್ತಾರೆ.

ಓದು ಹಳೆಯದಾಗಿದ್ದು ನಡುವಿನ ಮಳೆ ಗೊತ್ತಿಲ್ಲದಿದ್ದರೆ ಚೌಕ ಖಾಲಿ ಇರಲಿ. ಹಳೆಯ ಅಂಕಿ ತೋರಿಸುವುದಕ್ಕಿಂತ ಖಾಲಿ ಚೌಕ ಸಾವಿರ ಪಾಲು ವಾಸಿ. ಖಾಲಿ ಇದ್ದರೆ ನೀವು ತೋಟಕ್ಕೆ ಹೋಗಿ ಮಣ್ಣು ಮುಟ್ಟಿ ನೋಡುತ್ತೀರಿ, ಅಂಕಿ ಇದ್ದರೆ ಹೋಗುವುದಿಲ್ಲ. ಸೆನ್ಸರ್ ಓದಿಗೆ ನಾನು ಇಡುವ ಅವಧಿ ಮೂರು ಗಂಟೆ. ಅದು ದಾಟಿದರೆ ಮೇಲಿನ ಮಳೆ ಲೆಕ್ಕ ಮಾಡಲೇಬೇಕು, ಆಗದಿದ್ದರೆ ಖಾಲಿ. ಬುಲೆಟಿನ್ ಹೊಸದು ಬರುವವರೆಗೆ ನಡೆಯುತ್ತದೆ, ಆದರೆ ಶುಕ್ರವಾರದ್ದು ಬಂದ ತಕ್ಷಣ ಮಂಗಳವಾರದ್ದರಲ್ಲಿ ಉಳಿದ ಕಾಲಂಗಳನ್ನು ಕಿತ್ತು ಹಾಕಿ. ಶನಿವಾರ, ಭಾನುವಾರ ಎರಡು ಬುಲೆಟಿನ್‌ನಲ್ಲೂ ಇರುತ್ತವೆ, ಎರಡನ್ನೂ ಕೂಡಿಸುವ ಶೀಟ್‌ಗಳನ್ನು ನಾನು ನೋಡಿದ್ದೇನೆ.

ಆ್ಯಪ್ ಕೊಳ್ಳುವವರಿಗೆ ಒಂದು ಮಾತು. ಮೇಲ್ಗಡೆ `Last updated: 2 min ago` ಅಂತ ಇದ್ದರೆ ಮರುಳಾಗಬೇಡಿ. ಬಹಳ ಕಡೆ ಅದು ಪುಟ ಲೋಡ್ ಆದ ಸಮಯ, ಓದು ಅಳೆದ ಸಮಯ ಅಲ್ಲ. ಪರೀಕ್ಷೆ ಮಾಡುವುದು ಸುಲಭ. ಗೇಟ್‌ವೇ ಪವರ್ ತೆಗೆದು ಅರ್ಧ ದಿನ ಬಿಡಿ. ಆ್ಯಪ್ ಆಮೇಲೂ ‘ಎರಡು ನಿಮಿಷದ ಹಿಂದೆ’ ಅನ್ನುತ್ತಿದ್ದರೆ ಅದು ತನ್ನ ಬಗ್ಗೆ ಹೇಳುತ್ತಿದೆ, ನಿಮ್ಮ ಮಣ್ಣಿನ ಬಗ್ಗೆ ಅಲ್ಲ. ಗ್ರಾಫ್ ನೋಡಿದರೂ ತಿಳಿಯುತ್ತದೆ. ಬೆಳೆ ಇರುವ ಮಣ್ಣಿನ ತೇವಾಂಶ ಹಗಲು ಸ್ವಲ್ಪವಾದರೂ ಇಳಿಯುತ್ತದೆ. ಬಿಸಿಲಿನ ಹೊತ್ತಿನಲ್ಲೂ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಇದ್ದರೆ, ಹಳೆಯ ಓದೇ ಮತ್ತೆ ಮತ್ತೆ ಬರುತ್ತಿದೆ ಅಂತ ಅನುಮಾನ ಪಡಿ. ಪ್ರತಿ ಓದಿನ ಸಮಯದ ಸಮೇತ ಸಿಎಸ್‌ವಿ ಇಳಿಸಿಕೊಳ್ಳಲು ಬಿಡದ ಆ್ಯಪ್‌ಗೆ ನಾನು ದುಡ್ಡು ಕೊಡುವುದಿಲ್ಲ.

ಇಂಟರ್‌ನೆಟ್‌ನಿಂದ ನೇರವಾಗಿ ಹವಾಮಾನ ಅಂಕಿ ಎಳೆದುಕೊಳ್ಳುವವರು ಸಮಯ ವಲಯ ನೋಡಿಕೊಳ್ಳಿ. ಹಲವು ಸೇವೆಗಳು ಯುಟಿಸಿ ಸಮಯದಲ್ಲಿ ಕೊಡುತ್ತವೆ, ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಬುಧವಾರ ಬೆಳಗಿನ ಜಾವ ಎರಡು ಗಂಟೆಯ ನಮ್ಮ ಮಳೆ ಅಲ್ಲಿ ಮಂಗಳವಾರ ರಾತ್ರಿ 8:30 ಅಂತ ಬರುತ್ತದೆ, ಹಾಗೇ ತಾರೀಖು ಎತ್ತಿಕೊಂಡರೆ ಮಳೆ ಹಿಂದಿನ ದಿನಕ್ಕೆ ಹೋಗಿ ಕೂರುತ್ತದೆ. ಅಂದಹಾಗೆ ನಮ್ಮ ಬೆಳಗಿನ 8:30 ಅಂದರೆ ಯುಟಿಸಿಯಲ್ಲಿ ಸರಿಯಾಗಿ 3:00 ಗಂಟೆ. ಶೀಟ್‌ನ ಸೆಟ್ಟಿಂಗ್‌ನಲ್ಲಿ ಸಮಯ ವಲಯ ಭಾರತದ್ದೇ ಇದೆಯಾ ಅಂತಲೂ ಒಮ್ಮೆ ನೋಡಿ.

ಉಪಗ್ರಹದ ಹಸಿರು ಅಂಕಿಯನ್ನೂ ಮಂಡಿ ದರವನ್ನೂ ಈ ಪುಟದಿಂದ ತೆಗೆದುಬಿಡಿ ಅನ್ನುವುದು ನನ್ನ ಸಲಹೆ. ಕೆಲವರಿಗೆ ಬೇಜಾರಾಗಬಹುದು, ನೋಡಲು ಚಂದ ಇರುತ್ತವೆ. ಸೆಂಟಿನೆಲ್-2 ಉಪಗ್ರಹ ಜೋಡಿ ಐದು ದಿನಕ್ಕೊಮ್ಮೆ ನಮ್ಮ ಮೇಲೆ ಹಾದುಹೋಗುತ್ತದೆ, ಮೋಡ ಇದ್ದರೆ ಆ ಸರದಿ ಹೋದ ಹಾಗೆಯೇ. ಮಳೆಗಾಲದಲ್ಲಿ ಎರಡು ವಾರದ ಹಳೆಯ ಚಿತ್ರವೇ ಕೂತಿರುತ್ತದೆ. ಹೊಲದ ಯಾವ ಮೂಲೆ ಸೊರಗುತ್ತಿದೆ ಅಂತ ನೋಡಲು ಅದು ಒಳ್ಳೆಯದು, ಅದಕ್ಕೆ ಬೇರೆ ಪುಟ ಮಾಡಿ, ಚಿತ್ರ ತೆಗೆದ ತಾರೀಖು ಮೇಲೆ ಬರೆಯಿರಿ. ಮಂಡಿ ದರಕ್ಕೂ ಅದೇ ಮಾತು. ಅದು ನಿನ್ನೆಯ ಹರಾಜಿನ ದರ, ಅದರ ಗಡುವು ಕೊಯ್ಲಿನ ಹಿಂದಿನ ಸಂಜೆ. ಶುಕ್ರವಾರ ಮೋಟರ್ ಹಾಕಬೇಕೋ ಬೇಡವೋ ಅನ್ನುವುದಕ್ಕೆ ಅದರಿಂದ ಏನೂ ಆಗಬೇಕಾಗಿಲ್ಲ.

ನಮ್ಮ ಹುಡುಗ ಈಗ ಹತ್ತು ಗಂಟೆಗೆ ಲೆಕ್ಕ ಹಾಕುತ್ತಾನೆ, ಅದೂ ಬುಧವಾರ ಮಾತ್ರ ಅಲ್ಲ, ದಿನಾ. ಮೇಲಿನ ಹಸಿರು ಅಕ್ಷರ ತೆಗೆದು ಅಲ್ಲಿ ಮೂರು ವಯಸ್ಸು ಬರೆದಿದ್ದಾನೆ: ಸೆನ್ಸರ್ ಎಷ್ಟು ಗಂಟೆ, ಮಳೆ ಎಲ್ಲಿಯವರೆಗೆ, ಬುಲೆಟಿನ್ ಯಾವ ದಿನದ್ದು. ನಾಲ್ಕನೇ ಮನೆಯಲ್ಲಿ ಅಪ್ಪನ ಮಾತಿಗೂ ಜಾಗ ಇದೆ, ಅದರ ಪಕ್ಕದಲ್ಲೂ ಫೋನ್ ಬಂದ ಸಮಯ ಹಾಕಿದ್ದಾನೆ.